ಸೋಯಾ ಬೀಜಕ್ಕೆ ರೈಜೋಬಿಯಂ ಹಚ್ಚುವುದು ಹೇಗೆ, ಬೇರಿನ ಗಂಟು ನೋಡುವುದು ಹೇಗೆ

ಧಾರವಾಡ ಸೀಮೆಯಲ್ಲಿ ಮುಂಗಾರು ಬಿತ್ತನೆ ಶುರುವಾದಾಗ ಇದನ್ನು ಎಷ್ಟೋ ಹೊಲಗಳಲ್ಲಿ ನೋಡಿದ್ದೇನೆ. ಬಕೆಟ್ಟಿನಲ್ಲಿ ಸೋಯಾ ಬೀಜ ಇರುತ್ತದೆ. ಅದರ ಮೇಲೆ ಒಂದು ಚೊಂಬು ನೀರು ಸುರಿದು, ರೈಜೋಬಿಯಂ ಪುಡಿ ಉದುರಿಸಿ, ಕೈಹಾಕಿ ಗರಗರ ತಿರುವುತ್ತಾರೆ. ಆಮೇಲೆ ಬದುವಿನ ಮೇಲೆ ಬಿಸಿಲಿಗೆ ಹರಡುತ್ತಾರೆ. ಒಣಗಿದ ಬೀಜವನ್ನು ಡಿಎಪಿ ಜೊತೆ ಕಲಸಿ ಕೂರಿಗೆಗೆ ಹಾಕುತ್ತಾರೆ. ಬೀಜ ಅರ್ಧ ಮೊಳೆಯುವುದಿಲ್ಲ, ಮೊಳೆತದ್ದರ ಬೇರಿನಲ್ಲಿ ಗಂಟು ಕಟ್ಟುವುದಿಲ್ಲ. ‘ಆ ಪುಡಿಯಲ್ಲಿ ಏನೂ ಇಲ್ಲ ಬಿಡ್ರಿ’ ಎಂದು ಮರುವರ್ಷ ಕೈಬಿಡುತ್ತಾರೆ. ತಪ್ಪು ಪುಡಿಯದಲ್ಲ, ಹಚ್ಚಿದ ರೀತಿಯದು.

ಆ ಪುಡಿಯಲ್ಲಿ ಇರುವುದು ಜೀವಂತ ಬ್ಯಾಕ್ಟೀರಿಯಾ. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ ಇದೆ, ಆದರೆ ಗಿಡ ಅದನ್ನು ನೇರವಾಗಿ ತಿನ್ನಲಾರದು. ಈ ಬ್ಯಾಕ್ಟೀರಿಯಾ ಎಳೆ ಬೇರಿನ ಕೂದಲಿನ ಮೂಲಕ ಒಳಹೊಕ್ಕು ಗಂಟಿನಲ್ಲಿ ಮನೆ ಮಾಡುತ್ತದೆ. ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ, ಅದು ಗಾಳಿಯ ಸಾರಜನಕವನ್ನು ಗಿಡಕ್ಕೆ ಒಗ್ಗುವ ರೂಪಕ್ಕೆ ತಂದುಕೊಡುತ್ತದೆ. ಸೋಯಾ ನಮ್ಮ ಮಣ್ಣಿನ ಮೂಲ ಬೆಳೆಯಲ್ಲ, ಪೂರ್ವ ಏಷ್ಯಾದಿಂದ ಬಂದದ್ದು. ಹಾಗಾಗಿ ಅದಕ್ಕೆ ಹೊಂದುವ ಬ್ಯಾಕ್ಟೀರಿಯಾ ಹೊಸ ಹೊಲದಲ್ಲಿ ಇರುವುದು ಅಪರೂಪ. ಮೊದಲ ಸಲ ಸೋಯಾ ಬಿತ್ತುವವರು ಇದನ್ನು ತಪ್ಪಿಸಲೇಬಾರದು. ನಾಲ್ಕೈದು ವರ್ಷದಿಂದ ಸೋಯಾ ಬೆಳೆಯುತ್ತಿರುವ ಹೊಲದಲ್ಲಿ ಬ್ಯಾಕ್ಟೀರಿಯಾ ಆಗಲೇ ನೆಲೆಸಿರಬಹುದು, ಅಲ್ಲಿ ಫರಕು ಕಡಿಮೆ ಕಂಡರೆ ಆಶ್ಚರ್ಯವಿಲ್ಲ.

1. ಪೊಟ್ಟಣ ಕೊಳ್ಳುವುದು

ಪೊಟ್ಟಣದ ಮೇಲೆ ಬೆಳೆಯ ಹೆಸರು ನೋಡಿ. ಸೋಯಾಕ್ಕೆ ಬೇಕಾದದ್ದು ಬ್ರಾಡಿರೈಜೋಬಿಯಂ ಜಪಾನಿಕಂ. ಕಡಲೆಯ ಪೊಟ್ಟಣ ತಂದು ಸೋಯಾಕ್ಕೆ ಹಚ್ಚಿದರೆ ಕೆಲಸ ಆಗುವುದಿಲ್ಲ, ಏಕೆಂದರೆ ಆ ಬ್ಯಾಕ್ಟೀರಿಯಾವನ್ನು ಸೋಯಾ ಬೇರು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಎಲ್ಲ ಬೆಳೆಗೂ ಒಂದೇ ಎಂದು ಬರೆದ ಬಣ್ಣಬಣ್ಣದ ಡಬ್ಬಿಗಳನ್ನು ನಾನಂತೂ ಕೊಳ್ಳುವುದಿಲ್ಲ, ನೀವೂ ಕೊಳ್ಳಬೇಡಿ.

ಆಮೇಲೆ ತಾರೀಕು. ಪುಡಿ ರೂಪದ ರೈಜೋಬಿಯಂ ತಯಾರಾದ ಆರು ತಿಂಗಳೊಳಗೆ ಬಳಸುವಂಥದ್ದು. ನಿಯಮದ ಪ್ರಕಾರ ಒಂದು ಗ್ರಾಂ ಪುಡಿಯಲ್ಲಿ ಕನಿಷ್ಠ 5 ಕೋಟಿ ಜೀವಾಣು ಇರಬೇಕು. ಅದನ್ನು ನಾವು ಎಣಿಸಲಾಗದು, ಆದರೆ ಪೊಟ್ಟಣವನ್ನು ಬೆರಳಲ್ಲಿ ಒತ್ತಿ ನೋಡಬಹುದು. ಪುಡಿ ಸ್ವಲ್ಪ ಹಸಿಯಾಗಿ, ಒತ್ತಿದರೆ ಮೆತ್ತಗೆ ಕೂಡಿಕೊಳ್ಳಬೇಕು. ಧೂಳಿನ ಹಾಗೆ ಸರಸರ ಅಂದರೆ ಒಳಗಿನದು ಬಹುಪಾಲು ಸತ್ತಿದೆ. ಒಂದು ಸಲ ನಾನು ತಗಡಿನ ಮಾಡಿನ ಅಂಗಡಿಯೊಂದರಿಂದ ತಂದ ಪೊಟ್ಟಣ ಹೀಗೇ ಇತ್ತು. ತಾರೀಕು ಸರಿಯಾಗಿಯೇ ಇತ್ತು, ಬೇಸಿಗೆಯೆಲ್ಲ ಕಾದ ತಗಡಿನ ಕೆಳಗೆ ಕೂತು ಹಾಳಾಗಿತ್ತು. ಆ ವರ್ಷ ಬೇರು ಕಿತ್ತರೆ ಗಂಟೇ ಇರಲಿಲ್ಲ. ಆಗಿನಿಂದ ನಾನು ಕೃಷಿ ವಿಶ್ವವಿದ್ಯಾಲಯ ಅಥವಾ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೊಂಡು, ಬಿತ್ತುವ ದಿನದವರೆಗೆ ಮನೆಯ ನೀರಿನ ಗಡಿಗೆಯ ಪಕ್ಕ ತಂಪಿನಲ್ಲಿ ಇಡುತ್ತೇನೆ.

2. ಬೆಲ್ಲದ ನೀರು

50 ಗ್ರಾಂ ಬೆಲ್ಲವನ್ನು ಅರ್ಧ ಲೀಟರ್ ನೀರಿನಲ್ಲಿ ಕಾಲು ಗಂಟೆ ಕುದಿಸಿ ಪೂರ್ತಿ ಆರಿಸಿ. ಬೆಚ್ಚಗಿರುವಾಗ ಪುಡಿ ಹಾಕಬೇಡಿ. ಬೆಲ್ಲ ಇಲ್ಲದಿದ್ದರೆ ಆರಿದ ಅನ್ನದ ಗಂಜಿಯೂ ನಡೆಯುತ್ತದೆ.

3. ಬೀಜಕ್ಕೆ ಹಚ್ಚುವುದು

ಎಲ್ಲರೂ ಎಡವುವುದು ಇಲ್ಲಿಯೇ. ನಿಧಾನವಾಗಿ ಓದಿ.

ಸೋಯಾ ಬೀಜದ ಸಿಪ್ಪೆ ಬಹಳ ತೆಳು. ನೀರು ತಾಗಿದ ಕೆಲವೇ ನಿಮಿಷದಲ್ಲಿ ಅದು ಊದಿ, ಮುದುಕರ ಚರ್ಮದ ಹಾಗೆ ಸುಕ್ಕಾಗುತ್ತದೆ. ಸುಕ್ಕಾದ ಬೀಜವನ್ನು ಉಜ್ಜಿದರೆ ಸಿಪ್ಪೆ ಕಳಚುತ್ತದೆ, ಬೇಳೆ ಎರಡಾಗುತ್ತದೆ. ಅಂಥ ಬೀಜ ಮೊಳೆಯುವುದಿಲ್ಲ. ತೊಗರಿಗೆ, ಕಡಲೆಗೆ ಮಾಡುವ ಹಾಗೆ ಮೊದಲು ಬೀಜ ನೆನೆಸಿ ಆಮೇಲೆ ಪುಡಿ ಉದುರಿಸುವುದು ಸೋಯಾಕ್ಕೆ ಸಲ್ಲದು.

ನಾನು ಮಾಡುವ ಕ್ರಮ ಬೇರೆ. ಮೊದಲು ಪುಡಿಯನ್ನೇ ಬೆಲ್ಲದ ನೀರಿನಲ್ಲಿ ಕಲಸಿ ದೋಸೆ ಹಿಟ್ಟಿನ ಹದಕ್ಕೆ ತರುತ್ತೇನೆ. ಹೀಗೆ ಮಾಡಿದರೆ ನೀರನ್ನು ಪುಡಿ ಹಿಡಿದಿಟ್ಟುಕೊಳ್ಳುತ್ತದೆ, ಬೀಜ ಕುಡಿಯುವುದು ಕಡಿಮೆಯಾಗುತ್ತದೆ.

ಒಂದು ಎಕರೆಗೆ 25 ಕೆಜಿ ಬೀಜ ಅಂತ ಇಟ್ಟುಕೊಳ್ಳಿ. 200 ಗ್ರಾಂ ಪೊಟ್ಟಣ 8ರಿಂದ 10 ಕೆಜಿ ಬೀಜಕ್ಕೆ ಸಾಕು, ಹಾಗಾಗಿ ಮೂರು ಪೊಟ್ಟಣ, ಅಂದರೆ 600 ಗ್ರಾಂ ಬೇಕು. ಬೆಲ್ಲದ ನೀರು ಒಟ್ಟು ಅರ್ಧ ಲೀಟರ್ ದಾಟಬಾರದು. ಅಷ್ಟನ್ನೂ ಒಂದೇ ಸಲ ಕಲಸಬೇಡಿ. 5 ಕೆಜಿಯ ಐದು ಪಾಲು ಮಾಡಿ. ಒಂದು ಪಾಲಿಗೆ 120 ಗ್ರಾಂ ಪುಡಿ, 100 ಮಿಲೀ ಬೆಲ್ಲದ ನೀರು.

ತಾಡಪತ್ರಿಯ ಮೇಲೆ 5 ಕೆಜಿ ಬೀಜ ಸುರಿದು, ಹಿಟ್ಟನ್ನು ಅಲ್ಲಲ್ಲಿ ತೆಳುವಾಗಿ ಬಿಡಿ. ಆಮೇಲೆ ಇಬ್ಬರು ತಾಡಪತ್ರಿಯ ನಾಲ್ಕು ಮೂಲೆ ಹಿಡಿದು, ಬೀಜ ಆ ಕಡೆಯಿಂದ ಈ ಕಡೆಗೆ ಉರುಳುವ ಹಾಗೆ ತೂಗಬೇಕು. ಕೈಹಾಕಿ ತಿಕ್ಕಬಾರದು. ಇಪ್ಪತ್ತು ಸಲ ಉರುಳಿದರೆ ಸಾಕು. ಪ್ರತಿ ಬೀಜದ ಮೇಲೂ ತೆಳುವಾಗಿ ಕಪ್ಪು ಬಣ್ಣ ಕೂತಿರಬೇಕು. ಒಂದು ಹಿಡಿ ಎತ್ತಿಕೊಂಡು ನೋಡಿ. ಬೀಜ ನುಣ್ಣಗೆ ಕಪ್ಪಾಗಿದ್ದರೆ ಸರಿ. ಸುಕ್ಕು ಕಂಡರೆ ನೀರು ಜಾಸ್ತಿಯಾಗಿದೆ, ಮುಂದಿನ ಪಾಲಿಗೆ ಕಡಿಮೆ ಮಾಡಿ. ಬಿಳಿ ಬೀಜ ಉಳಿದಿದ್ದರೆ ಇನ್ನೂ ಹತ್ತು ಸಲ ತೂಗಿ.

ನೆರಳಿನಲ್ಲಿ ತೆಳುವಾಗಿ ಹರಡಿ. ಅರ್ಧ ಗಂಟೆಯಲ್ಲಿ ಬೀಜ ಒಂದಕ್ಕೊಂದು ಅಂಟದಷ್ಟು ಆರುತ್ತದೆ. ಬಿಸಿಲು ಬೇಡವೇ ಬೇಡ, ಸೂರ್ಯನ ಬೆಳಕು ಈ ಜೀವಾಣುಗಳನ್ನು ನೇರವಾಗಿ ಕೊಲ್ಲುತ್ತದೆ. ಹಚ್ಚಿದ ಬೀಜವನ್ನು ಅದೇ ದಿನ, ಆದಷ್ಟು ಬೇಗ, ಹಸಿ ಇರುವ ಮಣ್ಣಿಗೇ ಬಿತ್ತಬೇಕು. ಮಳೆ ಬಂದೀತು ಎಂಬ ನಂಬಿಕೆಯ ಮೇಲೆ ಒಣ ನೆಲಕ್ಕೆ ಬಿತ್ತಿದರೆ ಮಳೆಗೆ ಮೊದಲೇ ಬ್ಯಾಕ್ಟೀರಿಯಾ ಒಣಗಿ ಸಾಯುತ್ತದೆ.

ಶಿಲೀಂಧ್ರನಾಶಕ ಹಚ್ಚಲೇಬೇಕು ಅನ್ನುವವರು ಅದನ್ನು ಮೊದಲೇ ಹಚ್ಚಿ ಒಣಗಿಸಿಡಿ. ರೈಜೋಬಿಯಂ ಯಾವಾಗಲೂ ಕೊನೆಯದು, ಬಿತ್ತುವ ಮುಂಚೆ. ಎರಡನ್ನೂ ಒಂದೇ ಬೋಗುಣಿಯಲ್ಲಿ ಕಲಸುವ ಸುಲಭದ ದಾರಿ ಹಿಡಿಯಬೇಡಿ. ತಾಮ್ರದ ಔಷಧಿಯಂತೂ ಬೇಡ. ನನ್ನ ಆಯ್ಕೆ ರೋಗದ ಶಿಲೀಂಧ್ರವನ್ನು ತಡೆಯುವ ಟ್ರೈಕೋಡರ್ಮಾ ಎಂಬ ಒಳ್ಳೆಯ ಶಿಲೀಂಧ್ರ, ಅದು ರೈಜೋಬಿಯಂ ಜೊತೆ ಹೊಂದಿಕೊಂಡು ಹೋಗುತ್ತದೆ.

4. ಬಿತ್ತನೆ

ಗೊಬ್ಬರ ಮತ್ತು ಬೀಜ ಬೇರೆ ಬೇರೆ ತಾಳಿನಲ್ಲಿ ಇಳಿಯಬೇಕು, ಗೊಬ್ಬರದ ಉಪ್ಪು ತಾಗಿದರೆ ಜೀವಾಣು ಉಳಿಯುವುದಿಲ್ಲ. ಆಮೇಲೆ ಹೋಲಿಸಿ ನೋಡಲು ನಾಲ್ಕು ಸಾಲು ಮಾತ್ರ ರೈಜೋಬಿಯಂ ಹಚ್ಚದ ಬೀಜ ಬಿತ್ತಿ, ಗುರುತಿಗೆ ಗೂಟ ನೆಡಿ. ಆ ಸಾಲುಗಳನ್ನು ಮೊದಲು ಬಿತ್ತಿ. ಕೂರಿಗೆಯಲ್ಲಿ ಹಚ್ಚಿದ ಬೀಜದ ಕಪ್ಪು ಪುಡಿ ಉಳಿದಿದ್ದರೆ ಅದು ಈ ಸಾಲಿಗೂ ಹೋಗಿ ಲೆಕ್ಕ ತಪ್ಪುತ್ತದೆ.

5. ಯೂರಿಯಾ ವಿಚಾರ

ಗಂಟು ಕಟ್ಟಿ ಕೆಲಸ ಶುರು ಮಾಡುವವರೆಗೆ ಎಳೆ ಗಿಡಕ್ಕೆ ಸ್ವಲ್ಪ ಸಾರಜನಕ ಬೇಕು. ಎಕರೆಗೆ ಒಂದು ಚೀಲ ಡಿಎಪಿ ಹಾಕಿದರೆ ಅದರಲ್ಲೇ 9 ಕೆಜಿ ಸಾರಜನಕ ಸಿಗುತ್ತದೆ, ಗಂಟಿಗೆ ಬೇಕಾದ ರಂಜಕವೂ ಸಿಗುತ್ತದೆ. ಇಪ್ಪತ್ತನೆಯ ದಿನ ಎಲೆ ತುಸು ತಿಳಿ ಹಸಿರಾಯಿತು ಎಂದು ಯೂರಿಯಾ ಎರಚಬೇಡಿ. ಮಣ್ಣಿನಲ್ಲೇ ಸಾರಜನಕ ಸಿಕ್ಕರೆ ಗಿಡ ಸಕ್ಕರೆ ಕೊಟ್ಟು ಬ್ಯಾಕ್ಟೀರಿಯಾ ಸಾಕುವುದಿಲ್ಲ, ಗಂಟು ಸಣ್ಣದಾಗೇ ಉಳಿಯುತ್ತದೆ.

6. ನಲವತ್ತನೆಯ ದಿನ ಅಗೆದು ನೋಡುವುದು

ಇದನ್ನು ಮಾಡುವವರು ಕಡಿಮೆ. ಬೀಜಕ್ಕೆ ಹಚ್ಚಿದ್ದು ಫಲಿಸಿತೋ ಇಲ್ಲವೋ ತಿಳಿಯಲು ಬೇರೆ ದಾರಿ ಇಲ್ಲ.

ಹೂ ಬರುವ ಹೊತ್ತಿಗೆ, ಮಣ್ಣು ಹಸಿ ಇರುವಾಗ, ಐದಾರು ಗಿಡವನ್ನು ಸಲಿಕೆಯಿಂದ ಒಂದು ಗೇಣು ಆಳಕ್ಕೆ ಹೆಂಟೆ ಸಮೇತ ಎತ್ತಿ. ಕೈಯಲ್ಲಿ ಎಳೆದರೆ ಗಂಟು ಮಣ್ಣಲ್ಲೇ ಉಳಿಯುತ್ತದೆ, ನಮ್ಮ ಎರೆ ಮಣ್ಣಿನಲ್ಲಿ ಇನ್ನೂ ಹೆಚ್ಚು. ಹೆಂಟೆಯನ್ನು ಬಕೆಟ್ ನೀರಿನಲ್ಲಿ ಹತ್ತು ನಿಮಿಷ ಬಿಟ್ಟು ಮೆಲ್ಲಗೆ ಅಲ್ಲಾಡಿಸಿ. ತಾಯಿ ಬೇರಿನ ಬುಡದಲ್ಲಿ ಜೋಳದ ಕಾಳಿನಿಂದ ಬಟಾಣಿವರೆಗಿನ ಗಾತ್ರದ ಗಂಟುಗಳು ಗುಂಪಾಗಿ ಕಾಣಬೇಕು. ಬುಡದಲ್ಲೇ ಗುಂಪಾಗಿದ್ದರೆ ನೀವು ಬೀಜಕ್ಕೆ ಹಚ್ಚಿದ್ದು ಹಿಡಿದಿದೆ. ದೂರದ ಸಣ್ಣ ಬೇರುಗಳಲ್ಲಿ ಚದುರಿದ್ದರೆ ಅವು ಹೆಚ್ಚಾಗಿ ಮಣ್ಣಿನಲ್ಲಿ ಮೊದಲೇ ಇದ್ದ ಬ್ಯಾಕ್ಟೀರಿಯಾ ಕಟ್ಟಿದವು.

ಈಗ ಒಂದು ಗಂಟನ್ನು ಉಗುರಿನಿಂದ ಸೀಳಿ. ಒಳಗೆ ಹಸಿ ಮಾಂಸದ ಹಾಗೆ ಗುಲಾಬಿ ಕೆಂಪು ಇದ್ದರೆ ಅದು ದುಡಿಯುತ್ತಿದೆ. ಸಾರಜನಕ ಹಿಡಿಯುವ ಕಿಣ್ವ ಆಮ್ಲಜನಕ ತಾಗಿದರೆ ಕೆಡುತ್ತದೆ. ಅದಕ್ಕೆ ಗಿಡವು ಲೆಗ್‌ಹಿಮೋಗ್ಲೋಬಿನ್ ಎಂಬ ಕೆಂಪು ವಸ್ತು ಮಾಡಿ ಗಂಟಿನೊಳಗಿನ ಆಮ್ಲಜನಕವನ್ನು ಹಿಡಿತದಲ್ಲಿಡುತ್ತದೆ. ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಇದು ದಾಯಾದಿ. ಒಳಗೆ ಬಿಳಿ ಇದ್ದರೆ ಗಂಟು ಇನ್ನೂ ಎಳೆಯದು, ಅಥವಾ ಕೆಲಸಕ್ಕೆ ಬಾರದ ಬ್ಯಾಕ್ಟೀರಿಯಾ ಕಟ್ಟಿದ್ದು. ಹಸಿರು ಅಥವಾ ಕಂದು ಇದ್ದರೆ ಅದರ ಕಾಲ ಮುಗಿದಿದೆ. ಹೊಲದಲ್ಲಿ ನಾಲ್ಕೈದು ದಿನ ನೀರು ನಿಂತಿದ್ದರೂ ಗಾಳಿಯಿಲ್ಲದೆ ಗಂಟು ಹೀಗೆ ಕೆಡುತ್ತದೆ. ಎರೆ ಹೊಲದಲ್ಲಿ ಬಸಿಗಾಲುವೆ ತೆಗೆಯುವುದು ಇದಕ್ಕೂ ಬೇಕು.

ಒಂದು ಎಚ್ಚರ. ಜಂತುಹುಳು ತಾಗಿದ ಬೇರಿನಲ್ಲೂ ಉಬ್ಬು ಇರುತ್ತದೆ. ರೈಜೋಬಿಯಂ ಗಂಟು ಬೇರಿನ ಪಕ್ಕಕ್ಕೆ ಮಣಿಯಂತೆ ಅಂಟಿಕೊಂಡಿದ್ದು, ಬೆರಳಲ್ಲಿ ತಳ್ಳಿದರೆ ಉದುರುತ್ತದೆ. ಜಂತುಹುಳುವಿನದು ಬೇರೇ ಊದಿಕೊಂಡದ್ದು, ತಳ್ಳಿದರೆ ಬರುವುದಿಲ್ಲ.

ಕಳೆದ ಮುಂಗಾರಿನಲ್ಲಿ ಗೆಳೆಯರೊಬ್ಬರ ಹೊಲದಲ್ಲಿ ಹೀಗೆ ಅಗೆದೆವು. ಅಲ್ಲಿ ಸೋಯಾ ಬಿತ್ತಿದ್ದು ಅದೇ ಮೊದಲು. ಹಚ್ಚಿದ ಸಾಲಿನ ಗಿಡಗಳಲ್ಲಿ ಹದಿನೈದರ ಆಸುಪಾಸು ಗಂಟು, ಸೀಳಿದವೆಲ್ಲ ಕೆಂಪು. ಗೂಟದ ಸಾಲಿನಲ್ಲಿ ಗಿಡಕ್ಕೆ ಒಂದೋ ಎರಡೋ, ಎಷ್ಟೋ ಗಿಡದಲ್ಲಿ ಸೊನ್ನೆ. ಎಲೆ ನೋಡಿದರೆ ಮಾತ್ರ ಆ ಹೊತ್ತಿಗೆ ಎರಡಕ್ಕೂ ಅಂಥ ಫರಕು ಕಾಣುತ್ತಿರಲಿಲ್ಲ. ಇಡೀ ಹೊಲ ಗೂಟದ ಸಾಲಿನಂತೆ ಇದ್ದರೆ ಆಗ ಯೂರಿಯಾ ಕೊಡಲೇಬೇಕು, ಗಿಡಕ್ಕೆ ಬೇರೆ ಗತಿ ಇಲ್ಲ.

7. ಕೊಯ್ಲಾದ ಮೇಲೆ

‘ಸೋಯಾ ಬೆಳೆದೆವು, ಹೊಲಕ್ಕೆ ಸಾರಜನಕ ಸೇರಿತು’ ಎಂದು ಹಿಂಗಾರಿ ಜೋಳಕ್ಕೆ ಗೊಬ್ಬರ ಕಡಿಮೆ ಮಾಡುವವರು ಈ ಲೆಕ್ಕ ನೋಡಿ. ಒಂದು ಕ್ವಿಂಟಲ್ ಸೋಯಾ ಕಾಳಿನಲ್ಲಿ ಸುಮಾರು 6 ಕೆಜಿ ಸಾರಜನಕ ಇರುತ್ತದೆ, ಏಕೆಂದರೆ ಕಾಳಿನಲ್ಲಿ ನೂರಕ್ಕೆ 40ರಷ್ಟು ಪ್ರೋಟೀನ್. ಎಕರೆಗೆ 8 ಕ್ವಿಂಟಲ್ ಬಂದರೆ 48 ಕೆಜಿ ಸಾರಜನಕ ಚೀಲದಲ್ಲಿ ತುಂಬಿ ಮಾರುಕಟ್ಟೆಗೆ ಹೋಯಿತು. ಅದು ಎರಡು ಚೀಲ ಯೂರಿಯಾಕ್ಕಿಂತ ಹೆಚ್ಚು. ಗಂಟು ಚೆನ್ನಾಗಿ ಕಟ್ಟಿದ ಬೆಳೆಯೂ ಸಾಮಾನ್ಯವಾಗಿ ತನಗೆ ಬೇಕಾದ ಸಾರಜನಕದ ಅರ್ಧ ಅಥವಾ ಸ್ವಲ್ಪ ಹೆಚ್ಚನ್ನು ಮಾತ್ರ ಗಾಳಿಯಿಂದ ತರುತ್ತದೆ. ಉಳಿದದ್ದು ಮಣ್ಣಿನದೇ. ಗಂಟು ಕಟ್ಟದಿದ್ದರೆ ಎಲ್ಲವೂ ಮಣ್ಣಿನದು.

ಹಾಗಾಗಿ ಹೊಲಕ್ಕೆ ಉಳಿಯುವುದು ಉದುರಿದ ಎಲೆ, ಬೇರು ಮತ್ತು ಹೊಟ್ಟು. ಕೊಯ್ಯುವಾಗ ಗಿಡ ಕೀಳಬೇಡಿ, ಬುಡಕ್ಕೆ ಕುಡಗೋಲು ಹಾಕಿ, ಬೇರು ಅಲ್ಲೇ ಇರಲಿ. ಒಕ್ಕಣೆಯಾದ ಮೇಲೆ ಹೊಟ್ಟಿಗೆ ಬೆಂಕಿ ಇಡಬೇಡಿ, ಉರಿದರೆ ಅದರಲ್ಲಿದ್ದ ಸಾರಜನಕ ಮತ್ತೆ ಗಾಳಿಗೇ ಹೋಗುತ್ತದೆ. ದನಕ್ಕೆ ಹಾಕಿದರೆ ಅದರ ಸಗಣಿ ಅದೇ ಹೊಲಕ್ಕೆ ಬರಲಿ. ದನ ಇಲ್ಲದವರು ಹೊಟ್ಟನ್ನು ತಿಪ್ಪೆಗೆ ಹಾಕಿ ಕೊಳೆಸಿ, ಮುಂದಿನ ಮುಂಗಾರಿಗೆ ಮುಂಚೆ ಸೋಯಾ ಬೆಳೆದ ಹೊಲಕ್ಕೇ ಹರಡಿ.