ಗಂಟಲಲ್ಲಿ ಏನೂ ಇಲ್ಲ ಅಂದರು, ಸ್ವರ ಮಾತ್ರ ಏಳಲಿಲ್ಲ: ಒಬ್ಬ ಭಾಗವತನ ಅನುಭವ

ನಾನು ಯಕ್ಷಗಾನದ ಭಾಗವತ. ಈ ಸಲ ಪತ್ತನಾಜೆಗೆ ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುವ ತನಕ ಕಪ್ಪು ಎರಡರ ಶ್ರುತಿಯಲ್ಲೇ ಪದ ಹೇಳಿದೆ. ಸ್ವರದ ಕಾರಣಕ್ಕೆ ಒಂದು ಆಟವೂ ಬಿಡಲಿಲ್ಲ. ಎರಡು ವರ್ಷದ ಹಿಂದೆ ವೇಷ ಕಟ್ಟುವ ಚೌಕಿಯಲ್ಲಿ "ಇವನದ್ದು ಮುಗಿಯಿತು, ಇನ್ನು ತರಗತಿ ಮಾಡಿಕೊಂಡಿರಲಿ" ಅಂದವರು ಕಡಿಮೆ ಜನ ಅಲ್ಲ. ಅವರಲ್ಲೇ ಇಬ್ಬರು ಈಗ, ನಾನು ಸ್ವರ ಸರಿಮಾಡಿಕೊಂಡ ನಳಿಗೆ ಎಲ್ಲಿ ಸಿಗುತ್ತದೆ ಅಂತ ಕೇಳಿದ್ದಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಬರೆದೇ ಬಿಡೋಣ ಅನ್ನಿಸಿತು.

ನನಗೆ ಆದದ್ದು ಶೀತದ ಒಡೆದ ಸ್ವರ ಅಲ್ಲ. ಒಡ್ಡೋಲಗದ ತನಕ ಸರಿ ಇರುತ್ತಿತ್ತು. ಮಧ್ಯರಾತ್ರಿ ದಾಟಿದ ಮೇಲೆ ಸ್ವರ ಬಿಗಿಯುತ್ತಾ ಬರುತ್ತಿತ್ತು. ಏರುಪದಕ್ಕೆ ಬರುವಾಗ ಯಾರೋ ಒಳಗಿಂದ ಕುತ್ತಿಗೆ ಹಿಸುಕಿದ ಹಾಗೆ. ಗದ್ದದ ಅಡಿಯಲ್ಲಿ ನೋವು. ಬೆಳಿಗ್ಗೆ ಅಂಗಡಿಯಲ್ಲಿ ಹಾಲು ಕೇಳುವುದಕ್ಕೂ ಒತ್ತಿ ಮಾತಾಡಬೇಕು. ಒಂದು ವಿಚಿತ್ರ ಮಾತ್ರ ನನ್ನ ಹೆಂಡತಿಯೇ ಗಮನಿಸಿದ್ದು: ನಕ್ಕರೆ, ಕೆಮ್ಮಿದರೆ, ಆಕಳಿಸಿದರೆ ನನ್ನ ಹಳೇ ಸ್ವರವೇ ಬರುತ್ತಿತ್ತು. ಮಾತು ಶುರು ಮಾಡಿದ ಕೂಡಲೇ ಬಿಗಿ. ಆ ವರ್ಷ ತಂದೆ ಆಸ್ಪತ್ರೆಯಲ್ಲಿದ್ದರು, ಮನೆ ಸಾಲ ಬೇರೆ ಇತ್ತು, ಹಗಲು ಮಕ್ಕಳಿಗೆ ತರಗತಿ, ರಾತ್ರಿ ಆಟ. ನಿದ್ದೆ ಬಸ್ಸಿನಲ್ಲಿ.

ದುಡ್ಡು ಹೋದ ಲೆಕ್ಕ ಹೇಳುತ್ತೇನೆ, ಅಂದಾಜು. ಮೊದಲು ಕಷಾಯ, ಜ್ಯೇಷ್ಠಮಧು, ಕಾಳುಮೆಣಸು-ಕಲ್ಲುಸಕ್ಕರೆ. ಅದಕ್ಕೆ ಜಾಸ್ತಿ ಏನೂ ಹೋಗಲಿಲ್ಲ. ಆಮೇಲೆ ಒಂದು ಕ್ಲಿನಿಕ್‌ನಲ್ಲಿ ಇದು ಹೊಟ್ಟೆಯ ಆಸಿಡ್ ಅಂದರು. ಎರಡು ತಿಂಗಳು ಮಾತ್ರೆ ನುಂಗಿದೆ, ಖಾರ ಬಿಟ್ಟೆ, ರಾತ್ರಿ ಊಟ ಬಿಟ್ಟೆ. ಮೂರು ನಾಲ್ಕು ಸಾವಿರ ಹೋಯಿತು, ಎಂಟು ಕೆಜಿ ತೂಕವೂ ಹೋಯಿತು. ಸ್ವರ ಮಾತ್ರ ಹಾಗೇ. ಇನ್ನೊಂದು ಕಡೆ ಕ್ಯಾಮೆರಾ ಹಾಕಿ ನೋಡಿ "ಸ್ವರತಂತು ಕ್ಲೀನಾಗಿದೆ, ಗಂಟಿಲ್ಲ, ಹದಿನೈದು ದಿನ ಮೌನ ಇರಿ" ಅಂದರು. ಇದ್ದೆ. ಮನೆಯಲ್ಲಿ ಪಿಸುಮಾತಿನಲ್ಲಿ ಕೆಲಸ ನಡೆಯಿತು. ಹದಿನಾರನೇ ದಿನ ಬಾಯಿ ತೆರೆದರೆ ಮೊದಲಿಗಿಂತ ಬಿಗಿ! ಆಮೇಲೆ ಗೊತ್ತಾಯಿತು, ಪಿಸುಗುಟ್ಟುವಾಗ ತುಂಬಾ ಜನರಿಗೆ ತಂತುಗಳ ಮೇಲಿನ ಭಾಗ ಇನ್ನೂ ಹಿಂಡಿಕೊಳ್ಳುತ್ತದಂತೆ. ಸುಮ್ನೆ ಇರುವುದಾದರೆ ಪೂರ್ತಿ ಸುಮ್ನೆ ಇರಬೇಕು. ಅದರಿಂದಲೂ ಈ ಬಿಗಿ ಹೋಗುವುದಿಲ್ಲ. ತಪ್ಪಿರುವುದು ಸ್ವರ ಹಿಡಿಯುವ ರೀತಿ. ಮೌನದಲ್ಲಿ ಆ ರೀತಿ ಹೇಗೆ ಬದಲಾಗುತ್ತದೆ?

ಶ್ರುತಿಯನ್ನೂ ಇಳಿಸಿ ನೋಡಿದೆ. ಮದ್ದಳೆಯವರು ಬೈದುಕೊಂಡೇ ಬೇರೆ ಮದ್ದಳೆ ತಂದರು. ಎರಡು ಆಟ ಸುಖ, ಮೂರನೇದರಲ್ಲಿ ಮತ್ತೆ ಹಿಡಿಯಿತು. ಪ್ರಯಾಣ, ಪರೀಕ್ಷೆ, ಬಿಟ್ಟ ಆಟಗಳ ಸಂಬಳ ಎಲ್ಲ ಸೇರಿಸಿದರೆ ಒಂದು ಲಕ್ಷದ ಹತ್ತಿರ ಹತ್ತಿರ.

ಸರಿಯಾದ ದಾರಿ ಸಿಕ್ಕಿದ್ದು ಸ್ಪೀಚ್ ಥೆರಪಿಸ್ಟ್ ಹತ್ತಿರ. ತೊದಲುವವರು, ಮಾತು ತಡವಾದ ಮಕ್ಕಳು ಮಾತ್ರ ಅಲ್ಲಿಗೆ ಹೋಗುವುದು ಅಂದುಕೊಂಡಿದ್ದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ, ಅಲ್ಲಿ ಸ್ವರದ ತೊಂದರೆಯನ್ನೂ ನೋಡುತ್ತಾರೆ. ನಾನು ಹೋದದ್ದು ಊರಿಗೆ ಹತ್ತಿರದ ಒಬ್ಬರ ಬಳಿ, ಒಂದು ಸಲಕ್ಕೆ ಐನೂರರ ಆಸುಪಾಸು. ಅವರು ನನ್ನ ಗಂಟಲಿನ ಹಳೇ ಕ್ಯಾಮೆರಾ ವೀಡಿಯೊ ನಿಧಾನಕ್ಕೆ ಓಡಿಸಿ ತೋರಿಸಿದರು. ತಂತುಗಳು ಬೆಳ್ಳಗೆ ಚೆನ್ನಾಗಿವೆ. ಆದರೆ ನಾನು 'ಈ' ಅಂದ ಕೂಡಲೇ ಅವುಗಳ ಮೇಲಿನ ಇನ್ನೊಂದು ಜೋಡಿ ಮಡಿಕೆ ಎರಡೂ ಬದಿಯಿಂದ ಬಂದು ಮುಚ್ಚುತ್ತಿತ್ತು. ಮಸಲ್ ಟೆನ್ಶನ್ ಡಿಸ್ಫೋನಿಯಾ ಅಂತ ಹೆಸರು ಬರೆದುಕೊಟ್ಟರು, ಸ್ನಾಯು ಬಿಗಿದು ಸ್ವರ ಕೆಡುವುದು ಅಂತ ಅರ್ಥ.

ಆಮೇಲೆ ಕುತ್ತಿಗೆ ಮುಟ್ಟಿ ನೋಡಿದರು. ಗಂಟಲಮಣಿ ಮತ್ತು ಅದರ ಮೇಲಿನ ಸಣ್ಣ ಎಲುಬಿನ ನಡುವೆ ಬೆರಳ ತುದಿ ಹಿಡಿಸುವಷ್ಟು ಸಂದು ಇರಬೇಕು. ನನ್ನದರಲ್ಲಿ ಸಂದೇ ಇಲ್ಲ, ಮುಟ್ಟಿದರೆ ಕಣ್ಣಲ್ಲಿ ನೀರು. ಗಂಟಲಮಣಿ ಇಡೀ ಮೇಲಕ್ಕೆ ಏರಿ ಅಲ್ಲೇ ಕೂತಿತ್ತು. ಹೆಬ್ಬೆರಳು ಮತ್ತು ತೋರುಬೆರಳನ್ನು ಎರಡು ಬದಿಗೆ ಇಟ್ಟು, ಸಣ್ಣ ಸುತ್ತು ಹಾಕುತ್ತಾ, ಮೆಲ್ಲ ಮೆಲ್ಲ ಕೆಳಕ್ಕೆ ಎಳೆದರು. "ಈಗ ಮ್ ಅನ್ನಿ" ಅಂದರು. ಅಂದೆ. ನಾಲ್ಕೈದು ಸೆಕೆಂಡು ನನ್ನ ಸ್ವರ, ನನ್ನದೇ ಸ್ವರ ಮಾರಾಯ್ರೆ, ಬಂತು. ಕೈ ತೆಗೆದರೆ ಹೋಯಿತು. ತಂತು ಹಾಳಾಗಿದ್ದರೆ ಹಾಗೆ ಬರುತ್ತಿರಲಿಲ್ಲ ಅನ್ನುವುದು ಅಲ್ಲೇ ಖಾತ್ರಿಯಾಯಿತು.

ಈ ತಿಕ್ಕುವುದನ್ನು ಹೇಗೆ ಮಾಡುವುದು ಅಂತ ಇಲ್ಲಿ ಬೆರಳು ಬೆರಳಾಗಿ ಬರೆಯುವುದಿಲ್ಲ. ಪಕ್ಕದಲ್ಲೇ ತಲೆಗೆ ಹೋಗುವ ರಕ್ತನಾಳ ಇದೆ, ಬರಹ ನೋಡಿ ಒತ್ತುವ ಜಾಗ ಅಲ್ಲ. ಒಮ್ಮೆ ಕೈಯಲ್ಲಿ ಕಲಿತುಕೊಳ್ಳಿ, ಆಮೇಲೆ ಕನ್ನಡಿ ಎದುರು ಮಾಡಿಕೊಳ್ಳಬಹುದು.

ನಳಿಗೆಯ ವಿಷಯ ಹೇಳುತ್ತೇನೆ. ಮೆದು ಸಿಲಿಕಾನ್ ನಳಿಗೆ, ಒಂದು ಅಡಿಗಿಂತ ಸ್ವಲ್ಪ ಉದ್ದ, ಕಿರುಬೆರಳಿನ ದಪ್ಪ. ಫಿನ್ಲೆಂಡ್ ಕಡೆಯ ವಿಧಾನವಂತೆ, ಲ್ಯಾಕ್ಸ್ ವಾಕ್ಸ್ ಅನ್ನುತ್ತಾರೆ. ನನಗೆ ನೂರು ರೂಪಾಯಿ ಒಳಗೆ ಸಿಕ್ಕಿತು. ಬಾಟಲಿಯಲ್ಲಿ ಅರ್ಧ ನೀರು. ನಳಿಗೆಯ ತುದಿ ನೀರಿನೊಳಗೆ ಬೆರಳಿನ ಒಂದು ಗೆರೆಯಷ್ಟು, ಎರಡು ಸೆಂಟಿಮೀಟರ್ ಇಟ್ಟುಕೊಳ್ಳಿ. ತುಟಿ ಮುಚ್ಚಿ, ಕೆನ್ನೆ ಸಡಿಲ ಬಿಟ್ಟು, ಮೆಲ್ಲಗೆ 'ಊ' ಅಂದರೆ ಗುಳ್ಳೆ ಏಳುತ್ತದೆ. ನೀರಿನ ತಡೆ ಹಿಂದಕ್ಕೆ ಒತ್ತುತ್ತದೆ, ತಂತುಗಳು ಕಡಿಮೆ ಬಲದಲ್ಲಿ ಅಲುಗುತ್ತವೆ, ಹಿಂಡುವ ಅಗತ್ಯ ಬೀಳುವುದಿಲ್ಲ.

ಸರಿ ಆಗುತ್ತಿದೆಯೋ ಇಲ್ಲವೋ ಗೊತ್ತಾಗುವುದಕ್ಕೆ ಹೆಬ್ಬೆರಳನ್ನು ಗದ್ದದ ಅಡಿಗೆ ಇಡಿ. ಅಲ್ಲಿ ಮೆದುವಾಗಿದ್ದು, ತುಟಿ ನಡುಗುತ್ತಿದ್ದು, ಗುಳ್ಳೆ ಒಂದೇ ಸಮ ಬರುತ್ತಿದ್ದರೆ ಸರಿ. ಗದ್ದದ ಅಡಿ ಗಟ್ಟಿಯಾಗಿ ಕುತ್ತಿಗೆಯ ನರ ಎದ್ದರೆ ನೀರು ಜಾಸ್ತಿ ಆಳ ಆಯಿತು ಅಂತ ಅರ್ಥ. ನಮ್ಮವರಿಗೆ ದಮ್ಮು ತೋರಿಸುವ ಚಟ ಅಲ್ವಾ, ಒಬ್ಬರು ಗೇಣುದ್ದ ಮುಳುಗಿಸಿ ಊದಿ ತಲೆ ತಿರುಗಿ ಕೂತರು.

ನಾನೂ ಬೇರೆ ಬೇರೆ ನಳಿಗೆ ಪರೀಕ್ಷೆ ಮಾಡಿದ್ದೇನೆ. ಮೀನಿನ ತೊಟ್ಟಿಯ ಗಾಳಿ ಪೈಪು ತೀರಾ ಸಪುರ, ಉಸಿರು ಕಟ್ಟಿ ಮತ್ತೆ ಬಿಗಿ. ಎಳನೀರಿನ ಸ್ಟ್ರಾ ಪರವಾಗಿಲ್ಲ, ಬಸ್ಸಿನಲ್ಲಿ ಅದನ್ನೇ ಬಳಸುತ್ತೇನೆ. ಪಪ್ಪಾಯಿ ಎಲೆಯ ದಂಟು ಅಳತೆಯಲ್ಲಿ ಅಂಗಡಿಯದ್ದನ್ನೂ ಮೀರಿಸಿತು, ಆದರೆ ಅದರ ಹಾಲು ತುಟಿಗೆ ತಾಗಿ ಎರಡು ದಿನ ಉರಿ.

ಚೌಕಿಯಲ್ಲಿ ಹಿರಿಯರೊಬ್ಬರು "ಬಾಟಲಿಯಲ್ಲಿ ಗುಳುಗುಳು ಮಾಡಿದರೆ ಭಾಗವತಿಕೆ ಬರುತ್ತದೆಯೋ?" ಅಂತ ಕೇಳಿದ್ದರು. ಪ್ರಶ್ನೆ ಪೂರ್ತಿ ತಪ್ಪಲ್ಲ. ನಳಿಗೆಯಲ್ಲಿ ಸ್ವರ ಬರುವುದು ಸುಲಭ, ನಳಿಗೆ ತೆಗೆದ ಮೇಲೆ ಉಳಿಯುವುದೇ ಕಷ್ಟ. ಹೆಚ್ಚಿನವರು ಬಿಟ್ಟುಬಿಡುವುದು ಅಲ್ಲೇ. ನಾನು ಮಾಡಿದ್ದು ಹೀಗೆ. ಮೊದಲ ಎರಡು ವಾರ ಒಂದೇ ಸ್ವರ ಮತ್ತು ಕೆಳಗಿಂದ ಮೇಲಕ್ಕೆ ಜಾರು, ಒಂದು ಸಲಕ್ಕೆ ಐದು ನಿಮಿಷ, ದಿನಕ್ಕೆ ಆರೇಳು ಸಲ. ಆಮೇಲೆ ಒಂದು ವಿಳಂಬದ ಪದವನ್ನು ಸಾಹಿತ್ಯ ಇಲ್ಲದೆ ನಳಿಗೆಯಲ್ಲೇ ಹೇಳಿದೆ. ನಂತರ ಅದೇ ಉಸಿರಿನ ಅರ್ಧದಲ್ಲಿ ನಳಿಗೆ ತೆಗೆದು 'ಮ್' ಗೆ ಬಂದೆ, ಅಲ್ಲಿಂದ 'ಮಾ', ಅಲ್ಲಿಂದ ಮ, ನ ತುಂಬಿದ ಸಾಲುಗಳು. ಕ, ಗ ಬರುವ ಸಾಲು ಕೊನೆಗೆ, ಯಾಕೆಂದರೆ ನಾಲಿಗೆಯ ಬುಡ ಎದ್ದರೆ ಗಂಟಲಮಣಿಯೂ ಮೇಲಕ್ಕೆ ಏಳುತ್ತದೆ. ಏರುಪದಕ್ಕೆ ತಲುಪಿದ್ದು ಸುಮಾರು ಮೂರನೇ ತಿಂಗಳಿಗೆ. ಮಳೆಗಾಲವಾಗಿದ್ದರಿಂದ ಅನುಕೂಲ ಆಯಿತು. ತಾಳಮದ್ದಳೆಗಳನ್ನೆಲ್ಲ ಬಿಟ್ಟಿದ್ದೆ. ಉರುಡುವ ಪದಕ್ಕೆ ನಾನು ಕಂಡುಕೊಂಡ ಒಂದು ಉಪಾಯ ಇದೆ, ಅದು ಸದ್ಯಕ್ಕೆ ನನ್ನ ಶಿಷ್ಯರಿಗೆ ಮಾತ್ರ.

ಆಟ ಶುರುವಾದಾಗ ಇನ್ನೊಂದು ಪೆಟ್ಟು ಬಿತ್ತು. ಮನೆಯಲ್ಲಿ ಚಂದದ ಸ್ವರ, ರಂಗಸ್ಥಳದಲ್ಲಿ ವಾರದೊಳಗೆ ಬಿಗಿ. ಕಾರಣ ಚೆಂಡೆ. ಕಿವಿಗೆ ಗದ್ದಲ ಬಿದ್ದರೆ ನಮಗೆ ಗೊತ್ತಿಲ್ಲದೇ ಸ್ವರ ಏರುತ್ತದೆ. 1911ರಲ್ಲೇ ಲೊಂಬಾರ್ಡ್ ಅನ್ನುವ ಫ್ರೆಂಚ್ ವೈದ್ಯ ಇದನ್ನು ಬರೆದಿದ್ದಾನೆ, ಅವನದೇ ಹೆಸರಿದೆ. ಮನೆಯಲ್ಲಿ ಇಯರ್‌ಫೋನಿನಲ್ಲಿ ಚೆಂಡೆಯ ರೆಕಾರ್ಡಿಂಗ್ ಹಾಕಿಕೊಂಡು ಪದ ಹೇಳಿ ಮೊಬೈಲಿನಲ್ಲಿ ಹಿಡಿದು ನೋಡಿ. ಅರ್ಧ ಸಾಲಿಗೇ ಕಿರುಚಾಟ ಕೇಳುತ್ತದೆ. ಕಿವಿಗೆ ಹತ್ತಿ ಇಟ್ಟೆ, ಶ್ರುತಿ ತಪ್ಪಿತು. ಕೊನೆಗೆ ನನ್ನದೇ ಒಂದು ಸಣ್ಣ ಮಾನಿಟರ್ ಸ್ಪೀಕರ್ ತೆಗೆದುಕೊಂಡೆ, ಐದಾರು ಸಾವಿರ. ಅದರಲ್ಲಿ ನನ್ನ ಸ್ವರ ಮತ್ತು ಶ್ರುತಿ ಮಾತ್ರ. ಮೈಕಿನವರ ಹತ್ತಿರ ಜಗಳ ಆಯಿತು, ಆಗಲಿ. ಇಡೀ ಚಿಕಿತ್ಸೆಯಲ್ಲಿ ಅತಿ ದುಬಾರಿ ವಸ್ತು ಅದೇ, ಅತಿ ಲಾಭದ್ದೂ ಅದೇ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಇದು ತಂತು ಕ್ಲೀನ್ ಇದ್ದವರ ಕಥೆ. ಮೂರು ನಾಲ್ಕು ವಾರವಾದರೂ ಸ್ವರ ಸರಿ ಆಗದಿದ್ದರೆ ಮೊದಲು ಕ್ಯಾಮೆರಾ ಹಾಕಿಸಿ. ಬೀಡಿ-ಸಿಗರೇಟು ಇದ್ದರೆ, ಕಫದಲ್ಲಿ ರಕ್ತ ಬಂದರೆ, ನುಂಗುವುದಕ್ಕೆ ಅಥವಾ ಉಸಿರಿಗೆ ಕಷ್ಟ ಇದ್ದರೆ ಅಷ್ಟು ದಿನವೂ ಕಾಯಬೇಡಿ. ಇನ್ನೊಂದು ಜಾತಿ ಇದೆ: ಬಿಗಿಯಾಗಿ ಕೇಳುತ್ತದೆ, ಆದರೆ ಕೆಲವು ಅಕ್ಷರಗಳಲ್ಲಿ ಮಾತ್ರ ಸ್ವರ ತುಂಡಾಗುತ್ತದೆ, ಎಷ್ಟು ತಿಕ್ಕಿದರೂ ಸಡಿಲ ಆಗುವುದಿಲ್ಲ. ಅದು ನರದ ತೊಂದರೆ ಇರಬಹುದು, ಅದರ ಚಿಕಿತ್ಸೆಯೇ ಬೇರೆ.

ನನಗೆ ಈಗಲೂ ಸಾಲಾಗಿ ನಾಲ್ಕೈದು ಆಟ ಬಂದರೆ ಗಂಟಲಮಣಿ ಮೇಲೇರುತ್ತದೆ. ಸ್ವರ ಕೆಡುವುದಕ್ಕೆ ಒಂದು ದಿನ ಮೊದಲೇ ಆ ಸಂದು ಮುಚ್ಚಿರುತ್ತದೆ. ಹಾಗಾಗಿ ಬೆಳಿಗ್ಗೆ ಹಲ್ಲುಜ್ಜುವಾಗ ಒಮ್ಮೆ ಮುಟ್ಟಿ ನೋಡಿಕೊಳ್ಳುತ್ತೇನೆ. ಮುಚ್ಚಿದ್ದರೆ ಆ ದಿನ ತರಗತಿ ಇಲ್ಲ, ಫೋನಿಲ್ಲ, ಹತ್ತು ಸಲ ಬಾಟಲಿ. ನಳಿಗೆಯನ್ನು ಬಿಸಿನೀರಿನಲ್ಲಿ ತೊಳೆದು ನೇತುಹಾಕಿ, ಬಾಟಲಿಯ ನೀರು ದಿನಾ ಬದಲಿಸಿ. ಇನ್ನೊಬ್ಬರಿಗೆ ಕೊಡಬೇಡಿ, ನೂರು ರೂಪಾಯಿಯ ಸಾಮಾನು, ಅವರೇ ಕೊಂಡುಕೊಳ್ಳಲಿ.