ಕಮಿಷನ್ ಲೆಕ್ಕದಿಂದ IF ಸರಪಳಿಯನ್ನು ನಾನು ಕಿತ್ತುಹಾಕಿದ ಬಗೆ

ದಾವಣಗೆರೆಯಲ್ಲಿ ಪಂಪು, ಪೈಪುಗಳ ವಿತರಕರೊಬ್ಬರ ಲೆಕ್ಕಪತ್ರವನ್ನು ನಾನು ನೋಡಿಕೊಳ್ಳುತ್ತೇನೆ. ಹದಿನಾಲ್ಕು ಮಂದಿ ಮಾರಾಟ ಪ್ರತಿನಿಧಿಗಳ ಕಮಿಷನ್ ಲೆಕ್ಕದ ಎಕ್ಸೆಲ್ ಹಾಳೆಯಲ್ಲಿ ಮೇಲಿನ ಸ್ಲ್ಯಾಬಿನಿಂದ ಕೆಳಕ್ಕೆ ಇಳಿಯುವ ಉದ್ದದ IF ಸರಪಳಿಯಿತ್ತು. ಅದನ್ನು ತೆಗೆದು ಪಟ್ಟಿಯಿಂದ ದರ ಹುಡುಕುವ ಸೂತ್ರ ಹಾಕುತ್ತೇನೆಂದಾಗ ನಮ್ಮ ಹಿರಿಯ ಅಕೌಂಟೆಂಟರು ಒಪ್ಪಲಿಲ್ಲ. VLOOKUP ಕೊನೆಯಲ್ಲಿ FALSE ಇಲ್ಲದಿದ್ದರೆ ನಂಬುವಂತಿಲ್ಲ ಎಂಬುದು ಅವರ ಹಲವು ವರ್ಷಗಳ ಅಭ್ಯಾಸ. FALSE ಪಟ್ಟಿಯಲ್ಲಿ ಅದೇ ಮೊತ್ತವಿದ್ದರೆ ಮಾತ್ರ ಹಿಡಿಯುತ್ತದೆ, ಸ್ಲ್ಯಾಬಿನ ಕೆಲಸಕ್ಕೆ ಬೇಕಾದದ್ದು ಅದಿಲ್ಲದಾಗ ಅದಕ್ಕಿಂತ ಕೆಳಗಿನ ಹತ್ತಿರದ ಮಿತಿಯನ್ನು ಹಿಡಿಯುವ TRUE ಎಂದು ಅವರನ್ನು ಒಪ್ಪಿಸಲು ನನಗೆ ಎರಡು ತಿಂಗಳು ಹಿಡಿಯಿತು.

ಒಪ್ಪಿಸಿದ್ದು ನನ್ನ ಮಾತಲ್ಲ, ಕೈಬಿಟ್ಟುಹೋದ ಹಣ. ಹರಿಹರದ ಶಾಖೆಯಿಂದ ಬರುವ ಫೈಲಿನಲ್ಲಿ ಮಾರಾಟದ ಮೊತ್ತಗಳು ಸಂಖ್ಯೆಯಂತೆ ಕಂಡರೂ ಪಠ್ಯವಾಗಿದ್ದವು. ಎಕ್ಸೆಲ್ ಹೋಲಿಕೆಯಲ್ಲಿ ಪಠ್ಯವು ಯಾವ ಸಂಖ್ಯೆಗಿಂತಲೂ ದೊಡ್ಡದು. ಆದ್ದರಿಂದ 1,80,000 ಮಾರಿದವರೂ ಸರಪಳಿಯ ಮೊದಲ ಷರತ್ತಾದ ಹತ್ತು ಲಕ್ಷವನ್ನು ದಾಟಿದಂತಾಗಿ, ಶೇ. 1ರ ಬದಲು ಶೇ. 3 ಪಡೆದರು. ಗುಣಾಕಾರದ ಹೊತ್ತಿಗೆ ಎಕ್ಸೆಲ್ ಅದೇ ಪಠ್ಯವನ್ನು ಸಂಖ್ಯೆಯಾಗಿ ತೆಗೆದುಕೊಳ್ಳುವುದರಿಂದ ಯಾವ ದೋಷವೂ ತೋರಲಿಲ್ಲ. 1,800 ಸಲ್ಲಬೇಕಾದಲ್ಲಿ 5,400 ಹೋಯಿತು. ಮೂವರಿಗೆ ಎರಡು ತಿಂಗಳಲ್ಲಿ ಹೆಚ್ಚುವರಿಯಾಗಿ ಹೋದದ್ದು ನೆನಪಿನಂತೆ 23 ಸಾವಿರ. ಕಾಲಂ ಆಯ್ಕೆ ಮಾಡಿದಾಗ ಎಕ್ಸೆಲ್ ಕಿಟಕಿಯ ಅಡಿಯ ಸ್ಟೇಟಸ್ ಬಾರಿನಲ್ಲಿ ಮೊತ್ತ ಬಾರದೆ ಬರೀ ಎಣಿಕೆ ಬಂದದ್ದನ್ನು ಕಂಡು ನನಗೆ ಗುಟ್ಟು ತಿಳಿಯಿತು. ಅದೇ ಮೌಲ್ಯವನ್ನು VLOOKUPಗೆ ಕೊಟ್ಟರೆ #N/A ಬರುತ್ತದೆ, ಹಣ ಹೋಗುವುದಿಲ್ಲ.

ಎರಡನೆಯ ತೊಂದರೆ ದರದ್ದು. ಸರಪಳಿಯು ಇಡೀ ಮಾರಾಟಕ್ಕೆ ಒಂದೇ ದರ ಹಾಕುತ್ತಿದ್ದುದರಿಂದ 4,99,000 ಮಾರಿದವರಿಗೆ 7,485 ರೂಪಾಯಿ, ಐದು ಲಕ್ಷ ಮುಟ್ಟಿದವರಿಗೆ 10,000 ಸಿಗುತ್ತಿತ್ತು. ಒಂದು ಸಾವಿರದ ಬಿಲ್ಲಿಗೆ ಎರಡೂವರೆ ಸಾವಿರ ಕಮಿಷನ್! ತಿಂಗಳ ಕೊನೆಯಲ್ಲಿ ಬಿಲ್ಲುಗಳು ಹಿಂದೆ ಮುಂದೆ ಸರಿಯುತ್ತಿದ್ದುದಕ್ಕೆ ಇದೇ ಕಾರಣ. ಆಯಾ ಭಾಗಕ್ಕೆ ಆಯಾ ದರವೇ ಇರಲಿ ಎಂದು ಯಜಮಾನರು ಒಪ್ಪಿದ ಮೇಲೆ Slab ಹಾಳೆಯಲ್ಲಿ ಮೂರು ಕಾಲಂ ಮಾಡಿದೆ: ಕೆಳಮಿತಿ, ದರ, ಮತ್ತು ಆ ಮಿತಿಯವರೆಗೆ ಈಗಾಗಲೇ ಕೂಡಿಬಂದ ಕಮಿಷನ್.

```
0         1%     0
200000    1.5%   2000
500000    2%     6500
1000000   3%     16500
```

ಮೂರನೆಯ ಕಾಲಂ ಕೈಯಿಂದ ತುಂಬಬಾರದು. C3ರಲ್ಲಿ `=C2+(A3-A2)*B2` ಎಂದು ಬರೆದು ಕೆಳಗೆಳೆಯಬೇಕು. ಕಮಿಷನ್ ಹಾಳೆಯಲ್ಲಿ ಮಾರಾಟ C2ರಲ್ಲಿದ್ದರೆ ಕಮಿಷನ್ ಹೀಗೆ:

```
=VLOOKUP(C2,Slab!$A$2:$C$5,3,TRUE)
+(C2-VLOOKUP(C2,Slab!$A$2:$C$5,1,TRUE))
*VLOOKUP(C2,Slab!$A$2:$C$5,2,TRUE)
```

6,40,000ದ ಮಾರಾಟಕ್ಕೆ 6,500 ಸಿದ್ಧವಾಗಿದೆ, ಮೇಲಿನ 1,40,000ಕ್ಕೆ ಶೇ. 2ರಂತೆ 2,800, ಒಟ್ಟು 9,300. ಸರಿಯಾಗಿ ಐದು ಲಕ್ಷ ಬಂದಾಗ ಯಾವ ಸ್ಲ್ಯಾಬು ಎಂಬ ಜಗಳವೂ ಮುಗಿಯಿತು, ಏಕೆಂದರೆ ಎರಡೂ ಕಡೆಯಿಂದ 6,500ವೇ ಬರುತ್ತದೆ.

ದರಗಳ ವ್ಯತ್ಯಾಸವನ್ನಷ್ಟೇ ಇನ್ನೊಂದು ಕಾಲಂನಲ್ಲಿಟ್ಟು (1%, 0.5%, 0.5%, 1%) SUMPRODUCT ಒಂದರಿಂದಲೇ ಇದನ್ನು ಮಾಡಿ ನೋಡಿದೆ. ಅಲ್ಲೂ 9,300ವೇ ಬಂತು, ಸೂತ್ರವೂ ಚಿಕ್ಕದು. ಆದರೆ ತನ್ನ ಕಮಿಷನ್ ಹೇಗೆ ಬಂತೆಂದು ಕೇಳುವವರಿಗೆ ಅದನ್ನು ಬಿಡಿಸಿ ಹೇಳುವುದು ಕಷ್ಟವಾದ್ದರಿಂದ ತಾಳೆ ನೋಡಲು ಮಾತ್ರ ಉಳಿಸಿಕೊಂಡಿದ್ದೇನೆ.

ಕೆಳಮಿತಿಗಳು ಏರಿಕೆಯ ಕ್ರಮದಲ್ಲೇ ಇರಬೇಕು. ಕ್ರಮ ತಪ್ಪಿದರೆ ದೋಷ ತೋರಿಸದೆಯೇ ತಪ್ಪು ಸ್ಲ್ಯಾಬು ಹಿಡಿಯಬಹುದು. ಮಾಲು ವಾಪಸು ಹೆಚ್ಚಾಗಿ ಮಾರಾಟ ಋಣಾತ್ಮಕವಾದರೆ #N/A ಬರುತ್ತದೆ. ಅದನ್ನು IFERRORನಿಂದ ಮುಚ್ಚದೆ, ಮುಂದಿನ ತಿಂಗಳಿಗೆ ಒಯ್ಯುವ ಮೊತ್ತವೆಂದು ಕೈಯಿಂದಲೇ ಬರೆದಿಡುತ್ತೇನೆ. ಹಳೆಯ ತಿಂಗಳಿಗೆ ಹಳೆಯ ದರವೇ ತಾನಾಗಿ ಬರುವಂತೆ ಮಾಡಿದ ಕ್ರಮವನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಹೊಸ ಪದ್ಧತಿಯಲ್ಲಿ ನಾನು ಮಾಡಿದ ತಪ್ಪು ಒಂದೇ. ದೀಪಾವಳಿಗೆ ಇಪ್ಪತ್ತು ಲಕ್ಷದ ಮೇಲೆ ಶೇ. 3.5ರ ಸಾಲನ್ನು ಪಟ್ಟಿಯ ಕೊನೆಗೆ ಸೇರಿಸಿದೆ, ಆದರೆ ಸೂತ್ರದ ವ್ಯಾಪ್ತಿ ಐದನೆಯ ಸಾಲಿಗೇ ನಿಂತಿತ್ತು. 23 ಲಕ್ಷ ಮಾರಿದ ಪ್ರತಿನಿಧಿಯೊಬ್ಬರು, “ಸರ್, ಹೊಸ ದರ ನನಗೆ ಬಂದಂತಿಲ್ಲ” ಎಂದು ಸ್ಲಿಪ್ಪು ಹಿಡಿದು ಬಂದರು. ಅವರಿಗೆ ಬಿಟ್ಟುಹೋಗಿದ್ದ 1,500 ರೂಪಾಯಿಯನ್ನು ಅಂದೇ ಕೊಡಿಸಿ, ಪಟ್ಟಿಯನ್ನು Ctrl+T ಒತ್ತಿ ಟೇಬಲ್ ಮಾಡಿ, ಸೂತ್ರಗಳಲ್ಲಿ ಅದರ ಹೆಸರನ್ನೇ ಹಾಕಿದೆ. ಈಗ ಕೊನೆಗೆ ಸಾಲು ಸೇರಿಸಿದರೆ ವ್ಯಾಪ್ತಿಯೂ ತಾನಾಗಿ ಬೆಳೆಯುತ್ತದೆ.