ಕ್ಯಾರಿ ಟ್ರೇಡ್ ಮಾಡುವುದು ಹೇಗೆ: ಬಡ್ಡಿ ನೋಡುವ ಮುನ್ನ ಸಾಲದ ಗಾತ್ರ ನೋಡಿ

ಕಡಿಮೆ ಬಡ್ಡಿಯ ಕರೆನ್ಸಿಯಲ್ಲಿ ಸಾಲ ಮಾಡಿ, ಹೆಚ್ಚು ಬಡ್ಡಿಯ ಕರೆನ್ಸಿಯಲ್ಲಿ ಇಡುವುದು. ನಡುವಿನ ವ್ಯತ್ಯಾಸ ನಿಮ್ಮದು. ಕ್ಯಾರಿ ಟ್ರೇಡ್ ಅಂದರೆ ಇಷ್ಟೇ. ನನಗೆ ಗೊತ್ತಿರುವ ಮೂವರು ಇದರಲ್ಲಿ ಕೈ ಸುಟ್ಟುಕೊಂಡರು. ಮೂವರೂ ಬಡ್ಡಿಯ ಲೆಕ್ಕವನ್ನು ಸರಿಯಾಗಿಯೇ ಹಾಕಿದ್ದರು. ಎಡವಿದ್ದು ಇನ್ನೊಂದು ಕಡೆ. ಅದಕ್ಕೇ ಈ ಲೇಖನದ ದೊಡ್ಡ ಪಾಲು ಮೂರನೇ ಹೆಜ್ಜೆಗೆ ಹೋಗಿದೆ. ಉಳಿದವನ್ನು ಬೇಗ ಮುಗಿಸುತ್ತೇನೆ.

ಉದಾಹರಣೆಗೆ 2024ರ ಜುಲೈ ತೆಗೆದುಕೊಳ್ಳೋಣ. ಆಗ ಅಮೆರಿಕದ ಬಡ್ಡಿ ದರ ಶೇ. 5.25ರಿಂದ 5.50. ಜಪಾನಿನದು ಶೇ. 0ರಿಂದ 0.1. ಒಂದು ಡಾಲರಿಗೆ 160 ಯೆನ್‌ಗಿಂತ ಜಾಸ್ತಿ ಇತ್ತು. ಯೆನ್ ಸಾಲ ಮಾಡಿ ಡಾಲರ್ ಇಟ್ಟುಕೊಳ್ಳಲು ಇದಕ್ಕಿಂತ ಒಳ್ಳೆಯ ಕಾಲ ಇಲ್ಲ ಎಂದು ಎಲ್ಲರಿಗೂ ಅನಿಸಿತ್ತು.

ಹೆಜ್ಜೆ 1: ಜೋಡಿ ಆರಿಸಿ

ಸಾಲಕ್ಕೆ ಯೆನ್ ಅಥವಾ ಸ್ವಿಸ್ ಫ್ರಾಂಕ್. ಇಡುವುದಕ್ಕೆ ಡಾಲರ್, ಆಸ್ಟ್ರೇಲಿಯಾ ಡಾಲರ್, ಮೆಕ್ಸಿಕೋ ಪೆಸೊ, ಹೀಗೆ. ನನ್ನ ಸಲಹೆ ಡಾಲರ್. ಪೆಸೊ ಬಡ್ಡಿ ಆಗ ಶೇ. 11 ಇತ್ತು, ನಿಜ. ಆದರೆ ಗಾಬರಿ ಹುಟ್ಟಿದ ದಿನ ಪೆಸೊ ಬೀಳುತ್ತದೆ, ಯೆನ್ ಏರುತ್ತದೆ, ಎರಡು ಕಡೆಯಿಂದಲೂ ಏಟು. ಪೆಸೊ, ದಕ್ಷಿಣ ಆಫ್ರಿಕಾದ ರ‍್ಯಾಂಡ್, ಆಸ್ಟ್ರೇಲಿಯಾ ಡಾಲರ್ ಮೂರರಲ್ಲೂ ಸ್ವಲ್ಪ ಸ್ವಲ್ಪ ಹಾಕಿದರೆ ಅಪಾಯ ಹಂಚಿಹೋಗುತ್ತದೆ ಎನ್ನುವವರು ಇದ್ದಾರೆ. ಹಂಚಿಹೋಗುವುದಿಲ್ಲ. ಮೂರಕ್ಕೂ ಸಾಲ ಯೆನ್‌ನಲ್ಲೇ ಇದೆಯಲ್ವಾ? ಯೆನ್ ಏರಿದರೆ ಮೂರೂ ಒಟ್ಟಿಗೆ ಮುಳುಗುತ್ತವೆ.

ಹೆಜ್ಜೆ 2: ಕೈಗೆ ಎಷ್ಟು ಬರುತ್ತದೆ ನೋಡಿ

ಕೇಂದ್ರ ಬ್ಯಾಂಕುಗಳ ದರ ಕಳೆದು ನೋಡಿದರೆ ಶೇ. 5.2ರಷ್ಟು ಸಿಗಬೇಕು. ಆದರೆ ಬ್ರೋಕರ್ ಮೂಲಕ ಮಾಡುವವರಿಗೆ ಬಡ್ಡಿ ಬರುವುದು 'ಸ್ವಾಪ್' ರೂಪದಲ್ಲಿ, ದಿನದಿನವೂ. ಬ್ರೋಕರ್ ಅದರಲ್ಲಿ ತನ್ನ ಪಾಲು ಹಿಡಿದುಕೊಳ್ಳುತ್ತಾನೆ. ಒಂದೇ ಜೋಡಿಯನ್ನು ಕೊಂಡವರಿಗೆ ಎಷ್ಟು ಕೊಡುತ್ತಾನೆ, ಮಾರಿದವರಿಂದ ಎಷ್ಟು ಕೀಳುತ್ತಾನೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅಂತರ ದೊಡ್ಡದಿದ್ದರೆ ಆ ಬ್ರೋಕರ್ ಬೇಡ. ಖರ್ಚು ಕಳೆದು ಶೇ. 5 ಉಳಿಯಿತು ಅಂದುಕೊಳ್ಳೋಣ.

ಒಂದು ಅಡ್ಡದಾರಿಯ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಡಾಲರ್–ಯೆನ್ ಜೋಡಿಗೆ ಸಾಮಾನ್ಯವಾಗಿ ಬುಧವಾರ ರಾತ್ರಿ ಮೂರು ದಿನದ ಸ್ವಾಪ್ ಒಟ್ಟಿಗೆ ಸೇರುತ್ತದೆ. ವ್ಯವಹಾರದ ಹಣ ಕೈಬದಲಾಗುವುದು ಎರಡು ಕೆಲಸದ ದಿನ ಬಿಟ್ಟು, ಹಾಗಾಗಿ ವಾರಾಂತ್ಯದ ಬಡ್ಡಿ ಅವತ್ತು ಬೀಳುತ್ತದೆ. ಬುಧವಾರ ಕೊಂಡು ಗುರುವಾರ ಮಾರಿ ಮೂರು ದಿನದ ಬಡ್ಡಿ ಹೊಡೆಯೋಣ ಎಂದು ಹೊರಡುವವರನ್ನು ನೋಡಿದ್ದೇನೆ. ಆ ಹೊತ್ತಿಗೆ ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ನಡುವಿನ ಅಂತರ ಅಗಲವಾಗುತ್ತದೆ. ಬಂದ ಬಡ್ಡಿ ಅಲ್ಲೇ ಹೋಗುತ್ತದೆ.

ಹೆಜ್ಜೆ 3: ಎಷ್ಟು ಸಾಲ?

ಇಲ್ಲಿ ನಿಧಾನವಾಗಿ ಓದಿ.

ನಿಮ್ಮ ಸ್ವಂತ ದುಡ್ಡು 10,000 ಡಾಲರ್. ಶೇ. 5 ಅಂದರೆ ವರ್ಷಕ್ಕೆ 500 ಡಾಲರ್. ಯಾರಿಗೂ ಇದು ಸಾಕಾಗುವುದಿಲ್ಲ. ಹಾಗಾಗಿ ಗಾತ್ರ ಹೆಚ್ಚಿಸುತ್ತಾರೆ. ಬ್ರೋಕರ್‌ಗಳು ಅದಕ್ಕೆ ಧಾರಾಳವಾಗಿ ಬಿಡುತ್ತಾರೆ. ಜಪಾನಿನಲ್ಲೇ ಸಣ್ಣ ಗ್ರಾಹಕರು ತಮ್ಮ ದುಡ್ಡಿನ 25 ಪಟ್ಟು ವಹಿವಾಟು ಮಾಡಬಹುದು.

ಐದು ಪಟ್ಟು ಮಾಡಿದಿರಿ ಅಂದುಕೊಳ್ಳಿ. 10,000 ಡಾಲರ್ ಅಡವಿಟ್ಟು, 160ರ ದರದಲ್ಲಿ 80 ಲಕ್ಷ ಯೆನ್ ಸಾಲ ತೆಗೆದು, 50,000 ಡಾಲರ್ ಕೊಂಡಿರಿ. ಬಡ್ಡಿ ವರ್ಷಕ್ಕೆ 2,500 ಡಾಲರ್. ನಿಮ್ಮ ದುಡ್ಡಿಗೆ ಶೇ. 25. ದಿನಕ್ಕೆ ಸುಮಾರು 7 ಡಾಲರ್ ಖಾತೆಗೆ ಬೀಳುವುದನ್ನು ನೋಡುತ್ತಾ ಇದ್ದರೆ ತುಂಬಾ ಖುಷಿಯಾಗುತ್ತದೆ.

ಈಗ ಮೊದಲ ಪ್ರಶ್ನೆ. ಡಾಲರ್ ಎಷ್ಟಕ್ಕೆ ಇಳಿದರೆ ಇಡೀ ವರ್ಷದ ಬಡ್ಡಿ ಹೋಗುತ್ತದೆ? ವರ್ಷದ ಕೊನೆಗೆ ನಿಮ್ಮ ಹತ್ತಿರ 52,500 ಡಾಲರ್ ಇರುತ್ತದೆ. ತೀರಿಸಬೇಕಾದದ್ದು 80 ಲಕ್ಷ ಯೆನ್. ಭಾಗಿಸಿ: 152.4. ಅಂದರೆ 160ರಿಂದ 152.4ಕ್ಕೆ ಬಂದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಒಂದು ವರ್ಷದ ಮುಂಗಡ ವ್ಯಾಪಾರದಲ್ಲಿ ಬ್ಯಾಂಕುಗಳು ಡಾಲರಿಗೆ ಕಟ್ಟುವ ಬೆಲೆಯೂ ಹೆಚ್ಚುಕಡಿಮೆ ಇದೇ. ಇದರ ಅರ್ಥ ಸ್ಪಷ್ಟ. ಬಡ್ಡಿ ಪುಕ್ಕಟೆ ಬರುತ್ತಿಲ್ಲ. ಡಾಲರ್ ಅಷ್ಟು ಇಳಿಯುವುದಿಲ್ಲ ಎಂದು ನೀವು ಪಣ ಕಟ್ಟಿದ್ದೀರಿ, ಆ ಪಣದ ಕೂಲಿಯೇ ಬಡ್ಡಿ. ಈ 152.4 ಎಂಬ ಅಂಕಿಯನ್ನು ಕಾಗದದಲ್ಲಿ ಬರೆದು ಕಣ್ಣಿಗೆ ಕಾಣುವಂತೆ ಇಟ್ಟುಕೊಳ್ಳಿ.

ಎರಡನೇ ಪ್ರಶ್ನೆ. ಆ ಇಳಿಕೆ ಒಂದು ವರ್ಷದ ಬದಲು ಒಂದೇ ತಿಂಗಳಲ್ಲಿ ಬಂದರೆ?

ಬಂತು. ಜುಲೈ ಎರಡನೇ ವಾರ ಜಪಾನ್ ಸರ್ಕಾರ ಮಾರುಕಟ್ಟೆಗೆ ಇಳಿದು ಯೆನ್ ಕೊಂಡಿತು. ಜುಲೈ 31ರಂದು ಬ್ಯಾಂಕ್ ಆಫ್ ಜಪಾನ್ ಬಡ್ಡಿಯನ್ನು ಶೇ. 0.25ಕ್ಕೆ ಏರಿಸಿತು. ಆಗಸ್ಟ್ 2ರಂದು ಅಮೆರಿಕದ ಉದ್ಯೋಗ ವರದಿ ಕೆಟ್ಟದಾಗಿ ಬಂತು, ನಿರುದ್ಯೋಗ ಶೇ. 4.3. ಆಗಸ್ಟ್ 5ರ ಸೋಮವಾರ ಡಾಲರ್ 142 ಯೆನ್‌ಗೆ ಬಿದ್ದಿತ್ತು. ಅದೇ ದಿನ ಜಪಾನಿನ ನಿಕ್ಕೇ ಸೂಚ್ಯಂಕ ಶೇ. 12.4 ಕುಸಿಯಿತು.

142ರ ದರದಲ್ಲಿ 80 ಲಕ್ಷ ಯೆನ್ ತೀರಿಸಲು 56,338 ಡಾಲರ್ ಬೇಕು. ನಿಮ್ಮ ಹತ್ತಿರ ಇರುವುದು 50,000. ನಷ್ಟ 6,338 ಡಾಲರ್. ಎರಡೂವರೆ ವರ್ಷ ಕೂತು ಸಂಪಾದಿಸಬೇಕಿದ್ದ ಬಡ್ಡಿ ನಾಲ್ಕು ವಾರದೊಳಗೆ ಹೋಯಿತು. ಹತ್ತು ಪಟ್ಟು ಮಾಡಿದವರ ಕಥೆ ಇನ್ನೂ ಕೆಟ್ಟದು. 145.5ಕ್ಕೆ ಬರುವಷ್ಟರಲ್ಲಿ ಅವರ 10,000 ಡಾಲರ್ ಪೂರ್ತಿ ಸೊನ್ನೆ. ಅದಕ್ಕೂ ಮೊದಲೇ ಬ್ರೋಕರ್ ಅವರ ವಹಿವಾಟನ್ನು ತಾನಾಗಿ ಮುಚ್ಚಿರುತ್ತಾನೆ.

ಇಳಿಕೆ ಇಷ್ಟು ಜೋರಾಗಿ ಬರುವುದು ಈ ಬಲವಂತದ ಮುಚ್ಚುವಿಕೆಯಿಂದಲೇ. ವಹಿವಾಟು ಮುಚ್ಚಬೇಕೆಂದರೆ ಡಾಲರ್ ಮಾರಿ ಯೆನ್ ಕೊಳ್ಳಬೇಕು. ಒಬ್ಬ ಕೊಂಡರೆ ಯೆನ್ ಏರುತ್ತದೆ. ಏರಿದ್ದಕ್ಕೆ ಇನ್ನೊಬ್ಬನ ಮಾರ್ಜಿನ್, ಅಂದರೆ ಅಡವಿಟ್ಟ ದುಡ್ಡು, ಸಾಕಾಗದೆ ಹೋಗುತ್ತದೆ. ಅವನೂ ಕೊಳ್ಳುತ್ತಾನೆ. ದೊಡ್ಡ ಫಂಡುಗಳದ್ದು ಇನ್ನೊಂದು ಲೆಕ್ಕ. ಮಾರುಕಟ್ಟೆ ಶಾಂತವಾಗಿದ್ದಾಗ ಗಾತ್ರ ಹೆಚ್ಚಿಸುತ್ತಾರೆ, ಏರಿಳಿತ ಜಾಸ್ತಿಯಾದರೆ ತಾವಾಗಿ ತಗ್ಗಿಸುತ್ತಾರೆ. ಹೀಗಾಗಿ ಎಷ್ಟು ದಿನ ಶಾಂತವಾಗಿತ್ತೋ ಅಷ್ಟು ಜನ ಒಂದೇ ಕಡೆ ಗುಡ್ಡೆಯಾಗಿರುತ್ತಾರೆ. ಕೊಳ್ಳಬೇಕಾದವರು ಎಲ್ಲರೂ, ಯೆನ್ ಮಾರುವವರು ಯಾರೂ ಇಲ್ಲ.

ಹಾಗಾದರೆ ಗಾತ್ರ ಎಷ್ಟಿರಬೇಕು? ಬಡ್ಡಿಯಿಂದ ಶುರು ಮಾಡಬೇಡಿ. ಕೆಟ್ಟ ತಿಂಗಳಿನಿಂದ ಶುರು ಮಾಡಿ. ಆ ಒಂದು ತಿಂಗಳಲ್ಲಿ 160ರಿಂದ 142ಕ್ಕೆ ಬಂದಾಗ ಪ್ರತಿ 100 ಡಾಲರ್ ವಹಿವಾಟಿಗೆ 12.7 ಡಾಲರ್ ನಷ್ಟ. ನಿಮ್ಮ ದುಡ್ಡಿನ ಕಾಲು ಭಾಗಕ್ಕಿಂತ ಜಾಸ್ತಿ ಹೋಗಬಾರದು ಅಂದರೆ, 2,500ನ್ನು 0.127ರಿಂದ ಭಾಗಿಸಿ. ಸುಮಾರು 20,000 ಡಾಲರ್. ಅಂದರೆ ಎರಡು ಪಟ್ಟು. ಅದನ್ನು ದಾಟಬೇಡಿ. ವರ್ಷಕ್ಕೆ 1,000 ಡಾಲರ್ ಬಡ್ಡಿ ಕಡಿಮೆ ಅನಿಸಿದರೆ ಈ ವ್ಯಾಪಾರವೇ ನಿಮಗೆ ಬೇಡ.

ಎರಡು ಪಟ್ಟಿಗೂ ಹತ್ತು ಪಟ್ಟಿಗೂ ಏನು ವ್ಯತ್ಯಾಸ ನೋಡಿ. ಆಗಸ್ಟ್ 7ರಂದು ಬ್ಯಾಂಕ್ ಆಫ್ ಜಪಾನ್ ಉಪ ಗವರ್ನರ್ ಶಿನಿಚಿ ಉಚಿಡಾ, ಮಾರುಕಟ್ಟೆ ಅಸ್ಥಿರವಾಗಿರುವಾಗ ಬಡ್ಡಿ ಏರಿಸುವುದಿಲ್ಲ ಎಂದರು. ಡಾಲರ್ 147ಕ್ಕೆ ಮರಳಿತು. 2025ರ ಜನವರಿಗೆ 158. ಎರಡು ಪಟ್ಟಿನವರು ಅಲ್ಲಿಯವರೆಗೆ ಉಳಿದಿದ್ದರು, ಬಡ್ಡಿಯೂ ಸೇರುತ್ತಿತ್ತು. ಹತ್ತು ಪಟ್ಟಿನವರು ಆಗಸ್ಟ್‌ನಲ್ಲೇ ಹೊರಗೆ. ಇಬ್ಬರ ಅಂದಾಜೂ ಒಂದೇ ಆಗಿತ್ತು.

ಸ್ಟಾಪ್ ಲಾಸ್ ಇದೆಯಲ್ಲ, ಭಯ ಯಾಕೆ?

ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ. ಸ್ಟಾಪ್ ಲಾಸ್ ಹಾಕಿ, ಆದರೆ ಅದನ್ನು ನಂಬಿ ಗಾತ್ರ ಹೆಚ್ಚಿಸಬೇಡಿ. ನೀವು ಮೊದಲೇ ಹೇಳಿಟ್ಟ ಬೆಲೆ ಮುಟ್ಟಿದಾಗ ಮಾರಿ ಎಂಬ ಆದೇಶ ಅದು. ಆ ಬೆಲೆಗೇ ಮಾರಿಕೊಡುತ್ತೇವೆ ಎಂಬ ಭರವಸೆ ಅಲ್ಲ. ಸ್ವಿಸ್ ಕೇಂದ್ರ ಬ್ಯಾಂಕ್ ಒಂದು ಯೂರೋಗೆ 1.20 ಫ್ರಾಂಕ್‌ಗಿಂತ ಕೆಳಗೆ ಬಿಡುವುದಿಲ್ಲ ಎಂದು ಮೂರು ವರ್ಷಕ್ಕೂ ಹೆಚ್ಚು ಕಾಲ ಕಾದಿತ್ತು. 2015ರ ಜನವರಿ 15ರಂದು ಆ ಮಿತಿಯನ್ನು ತೆಗೆದುಹಾಕಿತು. ಕೆಲವೇ ನಿಮಿಷಗಳಲ್ಲಿ ಯೂರೋ ಒಂದು ಫ್ರಾಂಕ್‌ಗಿಂತ ಕೆಳಗಿತ್ತು. 1.19ಕ್ಕೆ ಸ್ಟಾಪ್ ಹಾಕಿದವರಿಗೆ ನಡುವೆ ಬೆಲೆಯೇ ಸಿಗಲಿಲ್ಲ. ಹಾಕಿದ ದುಡ್ಡು ಹೋಗಿ, ಮೇಲೆ ಬ್ರೋಕರ್‌ಗೆ ಬಾಕಿಯೂ ಉಳಿಯಿತು. ಖಾತೆ ತೆರೆಯುವಾಗ, ನಷ್ಟ ನನ್ನ ದುಡ್ಡನ್ನು ದಾಟಿದರೆ ಯಾರು ಕೊಡಬೇಕು ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ.

ಹೆಜ್ಜೆ 4: ಗುಂಪನ್ನು ಗಮನಿಸಿ

ಅಮೆರಿಕದ ಫ್ಯೂಚರ್ಸ್ ಮಾರುಕಟ್ಟೆಯ ನಿಯಂತ್ರಕ ಸಿಎಫ್‌ಟಿಸಿ ಪ್ರತಿ ಶುಕ್ರವಾರ ಒಂದು ವರದಿ ಹಾಕುತ್ತದೆ. ಆ ಮಾರುಕಟ್ಟೆಯ ಸಟ್ಟಾ ವ್ಯಾಪಾರಿಗಳಲ್ಲಿ ಯೆನ್ ಮಾರಿ ಕೂತವರು ಎಷ್ಟು, ಕೊಂಡವರು ಎಷ್ಟು ಎಂದು ಅದರಲ್ಲಿ ಕಾಣುತ್ತದೆ. 2024ರ ಜುಲೈ ಆರಂಭದಲ್ಲಿ ಕೊಂಡವರದನ್ನು ಕಳೆದ ಮೇಲೂ ಮಾರಿದವರ ಪಾಲು 1,80,000 ಕಾಂಟ್ರ್ಯಾಕ್ಟ್ ದಾಟಿತ್ತು, 2007ರ ನಂತರ ಅಷ್ಟು ಆಗಿರಲಿಲ್ಲ. ಆಗಸ್ಟ್ ಮಧ್ಯದ ಹೊತ್ತಿಗೆ ಅದು ಸೊನ್ನೆ ದಾಟಿ ಕೊಂಡವರ ಕಡೆಗೆ ವಾಲಿತ್ತು. ವರದಿಯಲ್ಲಿರುವುದು ಮಂಗಳವಾರದ ಲೆಕ್ಕ, ಮೂರು ದಿನ ಹಳೆಯದು. ಕುಸಿತ ಯಾವತ್ತು ಎಂದು ಅದು ಹೇಳುವುದಿಲ್ಲ. ಆದರೆ ಅಂಕಿ ಇಷ್ಟು ಉಬ್ಬಿದಾಗ ಹೊಸದಾಗಿ ಒಳಗೆ ಹೋಗಬೇಡಿ, ಇರುವುದನ್ನು ಅರ್ಧಕ್ಕೆ ಇಳಿಸಿ.

ಹೆಜ್ಜೆ 5: ಹೊರಬನ್ನಿ

ಬಡ್ಡಿ ವ್ಯತ್ಯಾಸ ಕಿರಿದಾಗತೊಡಗಿದರೆ ಹೊರಡುವ ಕಾಲ. 2025ರ ಜನವರಿ ಕೊನೆಗೆ ಅಮೆರಿಕದ ದರ ಶೇ. 4.25–4.50ಕ್ಕೆ ಇಳಿದಿತ್ತು, ಜಪಾನಿನದು 0.5ಕ್ಕೆ ಏರಿತ್ತು. ಸಿಗುವ ಬಡ್ಡಿ ಶೇ. 4ಕ್ಕಿಂತ ಕಡಿಮೆ, ಅಪಾಯ ಮಾತ್ರ ಮೊದಲಿನಷ್ಟೇ. 158 ಕಂಡು ಇನ್ನೂ ಏರುತ್ತದೆ ಎಂದು ಕಾದವರು ಏಪ್ರಿಲ್‌ನಲ್ಲಿ 140 ನೋಡಿದರು.

ಮುಚ್ಚುವಾಗ ಲಂಡನ್ ಮತ್ತು ನ್ಯೂಯಾರ್ಕ್ ಎರಡೂ ತೆರೆದಿರುವ ಹೊತ್ತು ಆರಿಸಿ. ಜಪಾನ್ ರಜೆಯಲ್ಲಿರುವಾಗ ದೊಡ್ಡ ಗಾತ್ರ ಇಟ್ಟುಕೊಂಡು ಮಲಗಬೇಡಿ. 2019ರ ಜನವರಿ 3ರಂದು, ಹೊಸ ವರ್ಷದ ರಜೆ ಇನ್ನೂ ಮುಗಿದಿರಲಿಲ್ಲ. ನ್ಯೂಯಾರ್ಕ್ ಮುಚ್ಚಿ ಏಷ್ಯಾ ಪೂರ್ತಿ ತೆರೆಯುವ ಮುನ್ನ ಡಾಲರ್ ಕೆಲವೇ ನಿಮಿಷಗಳಲ್ಲಿ ಸುಮಾರು 109ರಿಂದ 105ಕ್ಕೆ ಬಿದ್ದು, ಸ್ವಲ್ಪ ಹೊತ್ತಿಗೆ ಬಹುಪಾಲು ಮೇಲೆ ಬಂತು. ದೊಡ್ಡ ಗಾತ್ರದಲ್ಲಿದ್ದವರನ್ನು ಬ್ರೋಕರ್‌ಗಳು ಆ ಕೆಳಗಿನ ಬೆಲೆಯಲ್ಲೇ ಮುಚ್ಚಿ ಮುಗಿಸಿದ್ದರು.